‘ಹಾಕಬೇಕು’ ಹೋಗಿ ‘ಹಾಕಬಾರದು’ ಬಂದದ್ದು: ಹಳೆಯ ಸ್ಕ್ಯಾನ್ ಪುಟವೊಂದರ ತಿದ್ದುಪಡಿ

ಪುಸ್ತಕ ಚಿಕ್ಕದು. 1950ರ ದಶಕದಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕಿದ, ಕ್ರೌನ್ 1/8 ಆಕಾರದ ಒಂದು ಕೈಪಿಡಿ. ಹಿತ್ತಲ ತೋಟ, ಗೊಬ್ಬರ, ಬೀಜ ಇವೆಲ್ಲ ಅದರ ವಿಷಯ. ಲೇಖಕರ ಮೊಮ್ಮಕ್ಕಳಿಗೆ ಅದನ್ನು ಮರುಮುದ್ರಣ ಮಾಡಿಸುವ ಆಸೆ. ಹೊಸದಾಗಿ ಟೈಪ್ ಮಾಡಿಸುವುದು ಅವರಿಗೆ ಬೇಡ. ಹಳೆಯ ಪುಟ ಹೇಗಿದೆಯೋ ಹಾಗೆಯೇ, ಹಳದಿ ಕಾಗದದ ಸಮೇತ, ಚಿತ್ರವಾಗಿ ಬರಬೇಕು. ಹಕ್ಕು ಅವರದ್ದೇ ಆದ್ದರಿಂದ ಆ ಕಡೆಯಿಂದ ತೊಡಕಿರಲಿಲ್ಲ.

ತೊಡಕು ಇದ್ದದ್ದು ಕೊನೆಯ ಪುಟದ ಒಪ್ಪೋಲೆಯಲ್ಲಿ. ಆಗಿನ ಪುಸ್ತಕಗಳಲ್ಲಿ ಅಚ್ಚಿನ ತಪ್ಪುಗಳನ್ನು ಪುಟ, ಸಾಲು, ತಪ್ಪು, ಒಪ್ಪು ಅಂತ ಪಟ್ಟಿ ಮಾಡಿ ಕೊನೆಗೆ ಸೇರಿಸುತ್ತಿದ್ದರು. ಇದರಲ್ಲೂ ಒಂದಷ್ಟು ಇದ್ದವು. ಬಹುತೇಕ ಸಣ್ಣವು, ಬಿಟ್ಟರೂ ನಡೆಯುತ್ತಿತ್ತು. ಆದರೆ 31ನೇ ಪುಟದ ತಪ್ಪು ಬಿಡುವಂಥದ್ದಲ್ಲ. ಸಾಲು ಹೀಗಿತ್ತು: ‘ಮಳೆ ಹಿಡಿದಾಗ ಹಸಿ ಗೊಬ್ಬರ ಹಾಕಬೇಕು. ಹಾಕಿದರೆ ಬುಡ’. ಮುಂದಿನ ಸಾಲು ‘ಕೊಳೆಯುತ್ತದೆ’ ಎಂದು ಶುರುವಾಗುತ್ತದೆ. ಒಪ್ಪೋಲೆಯ ಪ್ರಕಾರ ಅದು ‘ಹಾಕಬಾರದು’. ಓದುವವರು ಕೊನೆಯ ಪುಟ ನೋಡಿ ಬಂದು ತೋಟಕ್ಕಿಳಿಯುತ್ತಾರೆಯೇ? ಹಾಗಾಗಿ ಇದನ್ನು ಪುಟದಲ್ಲೇ ತಿದ್ದಬೇಕು ಎಂದು ತೀರ್ಮಾನವಾಯಿತು.

ಮುದ್ರಣಕ್ಕೆ ಸಿದ್ಧಪಡಿಸುತ್ತಿದ್ದ ಡಿಟಿಪಿ ಹುಡುಗ ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದ್ದ. ಪಕ್ಕದ ಕಾಗದದ ಬಣ್ಣ ಎತ್ತಿಕೊಂಡು ಬ್ರಷ್‌ನಿಂದ ಹಳೆಯ ಪದ ಮುಚ್ಚಿದ. ಅದರ ಮೇಲೆ ಹತ್ತಿರದಲ್ಲಿ ಹೋಲುವ ಒಂದು ಫಾಂಟ್‌ನಲ್ಲಿ ಹೊಸ ಪದ ಬರೆದ. ಪರದೆಯಲ್ಲಿ ಪೂರ್ತಿ ಪುಟ ನೋಡಿದರೆ ಪರವಾಗಿಲ್ಲ ಅನ್ನಿಸುತ್ತಿತ್ತು. ಪ್ರೂಫ್ ತೆಗೆದಾಗ ಬಣ್ಣ ಬಯಲಾಯಿತು. ಹಳೇ ಗೋಡೆಗೆ ಒಂದು ಕಡೆ ಮಾತ್ರ ಸುಣ್ಣ ಬಳಿದ ಹಾಗೆ, ಆ ಜಾಗ ಚೌಕವಾಗಿ ಎದ್ದು ಕಾಣುತ್ತಿತ್ತು.

ಆಮೇಲೆ ಆ ಪುಟ ನನ್ನ ಕೈಗೆ ಬಂತು. ಹುಡುಗನ ಕೈ ಕೆಟ್ಟದ್ದೇನಲ್ಲ. ಅವನು ಕಾಗದವನ್ನು ಒಂದು ಬಣ್ಣ ಅಂದುಕೊಂಡಿದ್ದ, ಅಷ್ಟೇ. ಸ್ಕ್ಯಾನ್ ಮಾಡಿದ ಹಳೆಯ ಕಾಗದದಲ್ಲಿ ಎರಡು ಬೇರೆ ಬೇರೆ ಸಂಗತಿಗಳಿರುತ್ತವೆ. ಒಂದು, ನಿಧಾನವಾಗಿ ಬದಲಾಗುವ ಮೈಬಣ್ಣ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ. ಅದು ಗಾಳಿ, ಬೆಳಕಿಗೆ ಹಳದಿಯಾಗುತ್ತದೆ. ಅಂಚಿನಿಂದ ಶುರುವಾಗಿ ಒಳಕ್ಕೆ ಹಬ್ಬುತ್ತದೆ. ಹೊಲಿಗೆಯ ಕಡೆ ಕಾಗದ ಗಾಜಿನಿಂದ ಮೇಲೆದ್ದು ನೆರಳೂ ಸೇರುತ್ತದೆ. ಈ ಪುಟದಲ್ಲಿ ಬಿಳುಪಿನ ಮಟ್ಟ ನಡುವೆ 226, ಹೊರ ಅಂಚಿನಲ್ಲಿ 198, ಹೊಲಿಗೆಯ ಹತ್ತಿರ 170 ಇತ್ತು (0 ಕಪ್ಪು, 255 ಬಿಳಿ). ಎರಡನೆಯದು ಗ್ರೇನ್. ಕಾಗದದ ನಾರು ಮತ್ತು ಸ್ಕ್ಯಾನರ್‌ನ ಸಣ್ಣ ಗದ್ದಲ ಸೇರಿ ಆಗುವ ತರಿ. ಅದು ಎರಡು ಮೂರು ಪಿಕ್ಸೆಲ್‌ಗೊಮ್ಮೆ ಬದಲಾಗುತ್ತದೆ, ಹಾಗೆ ನೋಡಿದರೆ ಕಾಣುವುದೂ ಇಲ್ಲ. ಆದರೆ ಅದು ಇಲ್ಲದ ಜಾಗ ಮಾತ್ರ ಕಾಣುತ್ತದೆ. ಈ ಎರಡನ್ನೂ ಒಂದೇ ಏಟಿಗೆ ಸರಿ ಮಾಡಲು ಹೊರಟರೆ ಯಾವುದೂ ಸರಿಯಾಗುವುದಿಲ್ಲ. ಬೇರ್ಪಡಿಸಿದರೆ ಕೆಲಸ ಸುಲಭ.

ಮೊದಲು ಪುಸ್ತಕವನ್ನು ಮತ್ತೆ ಸ್ಕ್ಯಾನ್ ಮಾಡಿಸಿದೆವು. ಹಳೆಯ ಸ್ಕ್ಯಾನ್ ಜೆಪೆಗ್ ಆಗಿತ್ತು. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಒತ್ತುತ್ತದೆ. ಅದರಲ್ಲಿ ಮೊದಲು ಸಾಯುವುದೇ ಗ್ರೇನ್. ಒಂದು ತುಂಡನ್ನು ಬೇರೆ ಕಡೆಗೆ ಸರಿಸಿದರೆ ಆ ಚೌಕಗಳ ಗೆರೆ ಹೊಂದದೆ ಜೋಡಣೆ ಕಾಣುತ್ತದೆ. ಹೊಸದು 600 ಪಿಪಿಐ, ಅಂದರೆ ಇಂಚಿಗೆ 600 ಪಿಕ್ಸೆಲ್, 16 ಬಿಟ್ ಟಿಫ್. ಸ್ಕ್ಯಾನರ್‌ನ ತಾನೇ ಹರಿತ ಮಾಡುವ, ಹಿನ್ನೆಲೆ ಬಿಳುಪಾಗಿಸುವ ಆಯ್ಕೆಗಳೆಲ್ಲ ಬಂದ್. ಎಲ್ಲ ಪುಟಕ್ಕೂ ಒಂದೇ ಸೆಟ್ಟಿಂಗ್. ಪುಟದ ಹಿಂದೆ ಕಪ್ಪು ರಟ್ಟು ಇಟ್ಟಿದ್ದು ಬಹಳ ಉಪಯೋಗಕ್ಕೆ ಬಂತು. ತೆಳು ಕಾಗದದಲ್ಲಿ ಹಿಂಬದಿಯ ಅಕ್ಷರಗಳು ಉಲ್ಟಾ ಆಗಿ ಮಸುಕಾಗಿ ಮೂಡುತ್ತವಲ್ಲ, ಕಪ್ಪು ರಟ್ಟು ಅದನ್ನು ತಗ್ಗಿಸುತ್ತದೆ. ಪೂರ್ತಿ ಹೋಗುವುದಿಲ್ಲ. ಆ ವಿಷಯ ಮುಂದೆ ಬರುತ್ತದೆ.

ಪುಟ ಸ್ವಲ್ಪ ಓರೆಯಾಗಿತ್ತು. ಅದನ್ನು ನೇರ ಮಾಡುವುದಾದರೆ ಶುರುವಿನಲ್ಲೇ, ಇಡೀ ಪುಟಕ್ಕೆ, ಒಂದೇ ಸಲ ಮಾಡಬೇಕು. ಚಿತ್ರ ತಿರುಗಿಸಿದಾಗ ಪ್ರತಿ ಪಿಕ್ಸೆಲ್ ಅಕ್ಕಪಕ್ಕದವುಗಳ ಜೊತೆ ಬೆರೆತು ಗ್ರೇನ್ ಸ್ವಲ್ಪ ಮೆತ್ತಗಾಗುತ್ತದೆ. ಇಡೀ ಪುಟ ಮೆತ್ತಗಾದರೆ ಯಾರಿಗೂ ತಿಳಿಯದು. ಆದರೆ ಆಮೇಲೆ ಒಂದು ಅಕ್ಷರವನ್ನು ಮಾತ್ರ ಅರ್ಧ ಡಿಗ್ರಿ ತಿರುಗಿಸಿದಿರೋ, ಅಷ್ಟು ಜಾಗದ ತರಿ ಮಾತ್ರ ನಯವಾಗಿಬಿಡುತ್ತದೆ. ಇದೇ ಕಾರಣಕ್ಕೆ ತುಂಡುಗಳನ್ನು ಹಿಗ್ಗಿಸುವುದು, ಕುಗ್ಗಿಸುವುದೂ ಬೇಡ. ಸರಿಸುವುದಾದರೆ ಪೂರ್ತಿ ಪಿಕ್ಸೆಲ್ ಲೆಕ್ಕದಲ್ಲಿ ಮಾತ್ರ. ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ಬಾಣದ ಕೀಲಿ ಒತ್ತಿದರೆ ಒಂದೊಂದೇ ಪಿಕ್ಸೆಲ್ ಸರಿಯುತ್ತದೆ, ಅದೇ ಸಾಕು.

ಈಗ ಮೈಬಣ್ಣ ಬೇರ್ಪಡಿಸುವ ಕೆಲಸ. ಲೆಕ್ಕ ಸರಳ. ಮಸಿ ಕಾಗದದ ಬೆಳಕನ್ನು ಇಂತಿಷ್ಟು ಪಾಲು ತಡೆಯುತ್ತದೆ. ಆದ್ದರಿಂದ ಚಿತ್ರವನ್ನು ಕಾಗದದ ಮೈಬಣ್ಣದಿಂದ ಭಾಗಿಸಿದರೆ ಎಲ್ಲ ಕಡೆ ಒಂದೇ ಮಟ್ಟದ ಹಾಳೆ ಸಿಗುತ್ತದೆ, ಅದರ ಮೇಲೆ ಅಕ್ಷರ ಮತ್ತು ಗ್ರೇನ್ ಉಳಿಯುತ್ತವೆ. ಆ ಹಾಳೆಯ ಮೇಲೆ ತಿದ್ದಿ, ಮತ್ತೆ ಅದೇ ಮೈಬಣ್ಣದಿಂದ ಗುಣಿಸಿದರೆ ಹಳದಿ, ನೆರಳು ಎಲ್ಲ ಇದ್ದಲ್ಲಿಗೇ ವಾಪಸ್ ಬರುತ್ತವೆ. ಇದನ್ನು ಗಿಂಪ್‌ನ ಲೇಯರ್‌ಗಳಲ್ಲೂ ಮಾಡಬಹುದು. ನನಗೆ ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆಯುವುದೇ ಸಲೀಸು:

```python
import cv2, numpy as np
a = cv2.imread("p31.tif", cv2.IMREAD_UNCHANGED).astype(np.float32)
s = cv2.resize(a, None, fx=0.125, fy=0.125, interpolation=cv2.INTER_AREA)
s = cv2.dilate(s, np.ones((15, 15), np.uint8))
s = cv2.GaussianBlur(s, (0, 0), 12)
t = cv2.resize(s, (a.shape[1], a.shape[0]), interpolation=cv2.INTER_CUBIC)
np.save("tone.npy", t)
flat = np.clip(a / t * 50000, 0, 65535)
cv2.imwrite("flat.png", flat.astype(np.uint16))
```

ಇಲ್ಲಿ ನಡೆಯುವುದಿಷ್ಟು. ಚಿತ್ರವನ್ನು ಎಂಟನೇ ಒಂದು ಅಳತೆಗೆ ಇಳಿಸಿದಾಗ ಗ್ರೇನ್ ಸರಾಸರಿಯಾಗಿ ಮಾಯವಾಗುತ್ತದೆ. `dilate` ಪ್ರತಿ ಜಾಗದ ಸುತ್ತಮುತ್ತಲಿನ ಅತಿ ಬೆಳ್ಳಗಿನ ಬೆಲೆ ಆರಿಸುತ್ತದೆ. ಅಂದರೆ ಅಕ್ಷರ ಬಿಟ್ಟು ಕಾಗದ ಮಾತ್ರ ಉಳಿಯುತ್ತದೆ. 12 ಪಾಯಿಂಟ್ ಮೊಳೆ 600 ಪಿಪಿಐನಲ್ಲಿ 100 ಪಿಕ್ಸೆಲ್ ಎತ್ತರ. 15ರ ಕಿಟಕಿ ಮೂಲ ಅಳತೆಯಲ್ಲಿ 120 ಪಿಕ್ಸೆಲ್. ಒಂದು ಸಾಲಿಗಿಂತ ದೊಡ್ಡದಾದ್ದರಿಂದ ಎಲ್ಲಿ ನಿಂತರೂ ಸಾಲುಗಳ ನಡುವಿನ ಖಾಲಿ ಕಾಗದ ಅದಕ್ಕೆ ಸಿಕ್ಕೇ ಸಿಗುತ್ತದೆ. ನಿಮ್ಮ ಪುಟದಲ್ಲಿ ಅಕ್ಷರ ದೊಡ್ಡದಿದ್ದರೆ ಇದನ್ನು ಹೆಚ್ಚಿಸಬೇಕು.

ಹೀಗೆ ಸಿಗುವ ಮೈಬಣ್ಣ ಕರಾರುವಾಕ್ಕಾಗಿರುವುದಿಲ್ಲ, ನಿಜಕ್ಕಿಂತ ಕೊಂಚ ಬೆಳ್ಳಗಿರುತ್ತದೆ. ಅದರಿಂದ ತೊಂದರೆಯಿಲ್ಲ. ಯಾವುದರಿಂದ ಭಾಗಿಸಿದೆವೋ ಅದರಿಂದಲೇ ಗುಣಿಸುತ್ತೇವೆ, ತಪ್ಪು ತಾನಾಗಿ ಕಳೆಯುತ್ತದೆ. ಅದು ನಯವಾಗಿದ್ದರೆ ಸಾಕು. ಆದರೆ 50000 ಎಂಬ ಅಂಕಿ ಸುಮ್ನೆ ಇಟ್ಟಿದ್ದಲ್ಲ. ಕಾಗದವನ್ನು ಪೂರ್ತಿ ಬಿಳಿಗೆ, ಅಂದರೆ 65535ಕ್ಕೆ, ಏರಿಸಿದರೆ ಅದಕ್ಕಿಂತ ಬೆಳ್ಳಗಿನ ತರಿಗಳಿಗೆ ಜಾಗವೇ ಇರುವುದಿಲ್ಲ. ಅವು ಕತ್ತರಿಸಿಹೋಗಿ ಕಪ್ಪು ತರಿ ಮಾತ್ರ ಉಳಿಯುತ್ತದೆ. ಗುಣಿಸಿ ವಾಪಸ್ ತಂದಾಗ ಇಡೀ ಪುಟ ಮಂಕಾಗಿ ಕಂಡರೆ ಕಾರಣ ಇದೇ ಇರುತ್ತದೆ. ಇನ್ನೊಂದು ಮಾತು: ಈ ದಾರಿಯಲ್ಲಿ ಚಿತ್ರದ ಕಲರ್ ಪ್ರೊಫೈಲ್ ಕಳಚಿಹೋಗುತ್ತದೆ. ಕೊನೆಗೆ ಮೂಲ ಟಿಫ್‌ನ ಪ್ರೊಫೈಲನ್ನೇ ಮತ್ತೆ ಅಂಟಿಸಬೇಕು.

`flat.png` ತೆರೆದರೆ ಅಂಚಿನಿಂದ ಹೊಲಿಗೆಯವರೆಗೆ ಒಂದೇ ಮಟ್ಟದ ಹಾಳೆ. ಈಗ ಎಲ್ಲಿಯ ತುಂಡನ್ನು ಎಲ್ಲಿಗಿಟ್ಟರೂ ಬಣ್ಣ ಹೊಂದುತ್ತದೆ. ಬೇರೆ ಪುಟದ ತುಂಡೂ ಹೊಂದುತ್ತದೆ, ಆ ಪುಟವನ್ನೂ ಹೀಗೇ ಭಾಗಿಸಿಕೊಂಡಿದ್ದರೆ.

ಮುಂದಿನದು ಅಕ್ಷರ. ಫಾಂಟ್‌ನಿಂದ ಬರೆಯುವ ಆಲೋಚನೆಯನ್ನು ಮೊದಲೇ ಬಿಟ್ಟೆವು. ಅಚ್ಚುಮೊಳೆ ಕಾಗದವನ್ನು ಒತ್ತುವಾಗ ಮಸಿ ಅಕ್ಷರದ ಅಂಚಿಗೆ ಹಿಂಡಿಕೊಂಡು ಅಲ್ಲಿ ಕಪ್ಪಾಗಿ, ನಡುವೆ ತುಸು ತೆಳ್ಳಗೆ ನಿಲ್ಲುತ್ತದೆ. ಮೊಳೆ ಸವೆದಿರುತ್ತದೆ. ಒತ್ತಕ್ಷರ, ಕೊಂಬು ಒಂದೆರಡು ಪಿಕ್ಸೆಲ್ ಮೇಲೆ ಕೆಳಗೆ ಕೂತಿರುತ್ತದೆ. ಯಾವ ಫಾಂಟೂ ಇದನ್ನೆಲ್ಲ ಕೊಡುವುದಿಲ್ಲ. ಅಕ್ಷರ ಅದೇ ಪುಸ್ತಕದಿಂದಲೇ ಬರಬೇಕು.

ಅದೃಷ್ಟಕ್ಕೆ, ತೋಟದ ಪುಸ್ತಕ ಅಂದಮೇಲೆ ‘ಬಾರದು’ಗಳಿಗೆ ಬರವಿಲ್ಲ. ನೀರು ನಿಲ್ಲಬಾರದು, ಬೇರು ಕೀಳಬಾರದು, ಹೀಗೆ. ಬಿಡಿ ಅಕ್ಷರ ಹುಡುಕಿ ಪೋಣಿಸುವ ಬದಲು ‘ಬಾರದು’ ಎಂಬ ತುಂಡನ್ನು ಇಡಿಯಾಗಿ ಎತ್ತಬಹುದಿತ್ತು. ಅದೇ 31ನೇ ಪುಟದಲ್ಲಿ ನಾಲ್ಕು ಸಾಲು ಕೆಳಗೆ ಒಂದಿತ್ತು. ಅದನ್ನು ಬಳಸಲಿಲ್ಲ. ಅದರ ‘ದು’ವಿನ ಕೊಂಬಿನ ಮೇಲೆ ಒಂದು ಸಣ್ಣ ಬಿಳಿ ಚುಕ್ಕೆ ಇತ್ತು. ಅದೇ ಚುಕ್ಕೆ ಒಂದೇ ಪುಟದಲ್ಲಿ ಎರಡು ಕಡೆ ಬಂದರೆ ಕಣ್ಣಿಗೆ ಹೊಡೆಯುತ್ತದೆ. ಹೊಲಿಗೆಯ ಹತ್ತಿರದ ಇನ್ನೊಂದು ‘ಬಾರದು’ ಕೂಡ ಬೇಡವಾಯಿತು. ಅಲ್ಲಿ ಕಾಗದ ಗಾಜಿಗೆ ತಾಗದೆ ಅಕ್ಷರ ಮಸುಕಾಗಿರುತ್ತದೆ. ಭಾಗಾಕಾರ ನೆರಳನ್ನು ತೆಗೆಯುತ್ತದೆ, ಮಸುಕನ್ನಲ್ಲ. ಕೊನೆಗೆ 29ನೇ ಪುಟದ ನಡುವಿನ ಒಂದನ್ನು ಆರಿಸಿದೆ. ಅದರ ಮಸಿ ತುಸು ತಿಳಿ. ಆ ತುಂಡಿಗೆ ಮಾತ್ರ `Curves`ನಲ್ಲಿ ಕಾಗದದ ತುದಿಯನ್ನು ಅಲುಗಿಸದೆ ಕಪ್ಪಿನ ತುದಿಯನ್ನು ಸ್ವಲ್ಪ ಇಳಿಸಿದೆ. ಕಾಗದದ ತುದಿ ಅಲುಗಿದರೆ ಇಷ್ಟು ಹೊತ್ತು ಸಮ ಮಾಡಿದ್ದೆಲ್ಲ ಹೋಯಿತು.

ಇನ್ನು ಜಾಗದ ಪ್ರಶ್ನೆ. ‘ಬೇಕು’ ಸುಮಾರು 165 ಪಿಕ್ಸೆಲ್ ಅಗಲ, ‘ಬಾರದು’ 230. ಸುಮಾರು 65 ಪಿಕ್ಸೆಲ್, ಅಂದರೆ 3 ಮಿ.ಮೀ.ಗಿಂತ ಸ್ವಲ್ಪ ಕಡಿಮೆ, ಎಲ್ಲಿಂದಾದರೂ ತರಬೇಕು. ಮೊಳೆ ಜೋಡಿಸುವವರು ಇದಕ್ಕೆ ಏನು ಮಾಡುತ್ತಿದ್ದರು? ಪದಗಳ ನಡುವಿನ ತುಂಡು ತೆಗೆದು ತೆಳ್ಳಗಿನದು ಹಾಕುತ್ತಿದ್ದರು. ನಾವೂ ಅದನ್ನೇ ಮಾಡಿದೆವು. ಸಾಲಿನಲ್ಲಿ ಏಳು ಪದ, ಆರು ಸಂದು. ಒಂದೊಂದೂ ಸುಮಾರು 45 ಪಿಕ್ಸೆಲ್. ಪ್ರತಿ ಸಂದಿನಿಂದ 11 ತೆಗೆದರೆ 66 ಆಯಿತು. ಮೊದಲ ಪದ ‘ಮಳೆ’ ಎಡ ಅಂಚಿನಲ್ಲಿ, ಕೊನೆಯ ‘ಬುಡ’ ಬಲ ಅಂಚಿನಲ್ಲಿ ಕದಲದೆ ನಿಲ್ಲಬೇಕು. ‘ಹಿಡಿದಾಗ’ ಎಡಕ್ಕೆ 11, ‘ಹಸಿ’ 22, ‘ಗೊಬ್ಬರ’ 33, ‘ಹಾಕ’ 44 ಪಿಕ್ಸೆಲ್. ಆ ಕಡೆಯಿಂದ ‘ಹಾಕಿದರೆ’ ಬಲಕ್ಕೆ 11. ಪೂರ್ಣವಿರಾಮ ಬಲಕ್ಕೆ 22. ಪುಟದ ಬೇರೆ ಸಾಲುಗಳಲ್ಲಿ ಸಂದುಗಳು 30ರಿಂದ 55ರವರೆಗೆ ಹೇಗೂ ಏರಿಳಿಯುತ್ತಿದ್ದವು. 34ರ ಸಂದು ಯಾರಿಗೂ ವಿಚಿತ್ರ ಅನ್ನಿಸದು.

ಸರಿಸುವ ಮುಂಚೆ ಆ ಸಾಲಿನ ಜಾಗಕ್ಕೆ ಖಾಲಿ ಕಾಗದ ಹಾಸಬೇಕು. ಇಲ್ಲಿ ನೋಡಿ, ಪುಟದ ಅಂಚಿನ ಖಾಲಿ ಜಾಗದಿಂದ ತುಂಡು ತರುವ ಆಸೆ ಎಲ್ಲರಿಗೂ ಆಗುತ್ತದೆ. ಅಲ್ಲಿ ಅಕ್ಷರವಿಲ್ಲ, ಬೇಕಾದಷ್ಟು ಜಾಗ ಇದೆ. ಆದರೆ ಅಲ್ಲಿ ಹಿಂಬದಿಯ ಅಕ್ಷರಗಳ ಮಸುಕು ಗುರುತೂ ಇಲ್ಲ. ಅದನ್ನು ತಂದು ಪುಟದ ನಡುವೆ ಇಟ್ಟರೆ ಅಲ್ಲಿ ಮಾತ್ರ ಕಾಗದ ಅತಿಯಾಗಿ ಶುಭ್ರ. ಏನೋ ಆಗಿದೆ ಅನ್ನುವುದು ಗೊತ್ತಾಗುತ್ತದೆ, ಏನೆಂದು ಬೆರಳಿಟ್ಟು ಹೇಳಲಾಗುವುದಿಲ್ಲ. ಖಾಲಿ ಕಾಗದ ಬೇಕಿದ್ದರೆ ಪ್ಯಾರಾದ ಕೊನೆಯ ಅರ್ಧ ಸಾಲಿನ ಬಲಗಡೆ ನೋಡಬೇಕು. ಅಲ್ಲಿ ಮುಂಬದಿ ಖಾಲಿ, ಹಿಂಬದಿಯ ಛಾಯೆ ಮಾತ್ರ ಇರುತ್ತದೆ. ನಮ್ಮ ಪುಟದಲ್ಲಿ ಅಂಥ ಎರಡು ಜಾಗ ಸಿಕ್ಕವು. ಎರಡರಿಂದಲೂ ತೆಗೆದದ್ದರಿಂದ ಒಂದೇ ನಾರು, ಒಂದೇ ಚುಕ್ಕೆ ಎರಡೆರಡು ಸಲ ಬರಲಿಲ್ಲ.

ತುಂಡು ಕತ್ತರಿಸುವ ರೀತಿಯಲ್ಲಿ ಹೆಚ್ಚಿನವರು ಎಡವುತ್ತಾರೆ. ಅಕ್ಷರದ ಸುತ್ತಳತೆಗೆ ಸರಿಯಾಗಿ, ಗೆರೆ ಹಿಡಿದು ಕತ್ತರಿಸುವುದು ಜಾಣತನ ಅನ್ನಿಸುತ್ತದೆ. ಆದರೆ ಮಸಿ ಮತ್ತು ಕಾಗದ ಸೇರುವ ಆ ಎರಡು ಮೂರು ಪಿಕ್ಸೆಲ್‌ಗಳೇ ಅಕ್ಷರದ ಜೀವ. ಅಲ್ಲಿ ಕತ್ತರಿ ಹಾಕಿದರೆ ಸುತ್ತ ಬೆಳ್ಳಗಿನ ಅಥವಾ ಕಪ್ಪನೆಯ ಅಂಚು ಮೂಡುತ್ತದೆ. ಬದಲಿಗೆ ಪದವನ್ನು ಅದರ ಸುತ್ತಲಿನ ಕಾಗದದ ಸಮೇತ ಆಯತವಾಗಿ ಎತ್ತಬೇಕು. ಜೋಡಣೆಯ ಗೆರೆ ಯಾವಾಗಲೂ ಖಾಲಿ ಕಾಗದದ ಮೇಲೆ ಬರಬೇಕು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿನ ಹತ್ತಿರ ಇಳಿದಿರುತ್ತದೆ. ಅಂಥಲ್ಲಿ ಆಯತದ ಒಂದು ಮೂಲೆಯನ್ನು ಒತ್ತಕ್ಷರಕ್ಕೆ ತಾಗದಂತೆ ಸುತ್ತಿಸಿ ಕತ್ತರಿಸಬೇಕಾಗುತ್ತದೆ. ‘ಗೊಬ್ಬರ’ದ ಬ-ಒತ್ತಿನ ಹತ್ತಿರ ನಾವು ಹಾಗೇ ಮಾಡಿದೆವು.

ತುಂಡುಗಳ ಲೇಯರ್ `Normal` ಆಗಿಯೇ ಇರಲಿ. `Multiply` ಹಾಕಿದರೆ ಮೇಲಿನ ಕಾಗದದ ಗ್ರೇನ್ ಕೆಳಗಿನದಕ್ಕೆ ಸೇರಿ ಆ ಜಾಗ ಒರಟಾಗುತ್ತದೆ. `Darken only` ಹಾಕಿದರೆ ಎರಡರಲ್ಲಿ ಕಪ್ಪಗಿನ ತರಿಯೇ ಪ್ರತಿ ಸಲ ಗೆದ್ದು ಕಾಗದ ಮಂಕಾಗುತ್ತದೆ.

ಅಂಚನ್ನು ಎಷ್ಟು ಮೆದು ಮಾಡಬೇಕು ಎನ್ನುವುದಕ್ಕೂ ಒಂದು ಲೆಕ್ಕ ಇದೆ. ಎರಡು ಬೇರೆ ಬೇರೆ ಗ್ರೇನ್‌ಗಳನ್ನು ಅರ್ಧರ್ಧ ಬೆರೆಸಿದರೆ ಅವುಗಳ ಏರಿಳಿತ ಸುಮಾರು 0.7 ಪಾಲಿಗೆ ಇಳಿಯುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಚಪ್ಪಟೆಯಾಗುತ್ತದೆ. ಅಂಚನ್ನು 20 ಪಿಕ್ಸೆಲ್‌ನಷ್ಟು ಮೆದು ಮಾಡಿದರೆ ತುಂಡಿನ ಸುತ್ತ ನಯವಾದ ಒಂದು ಪಟ್ಟಿ ಉಂಟಾಗುತ್ತದೆ. ಜೋಡಣೆ ಮರೆಸಲು ಮಾಡಿದ್ದೇ ಜೋಡಣೆಯನ್ನು ತೋರಿಸುತ್ತದೆ. 2 ಅಥವಾ 3 ಪಿಕ್ಸೆಲ್ ಸಾಕು. ಬಣ್ಣ ಮೊದಲೇ ಸಮವಾಗಿರುವುದರಿಂದ ಅದಕ್ಕಿಂತ ಜಾಸ್ತಿ ಬೇಕಾಗುವುದೂ ಇಲ್ಲ. `Heal` ಉಪಕರಣವೂ ಹೀಗೆಯೇ. ಒಂದು ಸಲ ಒತ್ತಿದರೆ ಚೆಂದ. ಅದೇ ಜಾಗದಲ್ಲಿ ಮೆದು ಬ್ರಷ್‌ನಿಂದ ಮತ್ತೆ ಮತ್ತೆ ಒತ್ತಿದರೆ ಗ್ರೇನ್ ಸವೆಯುತ್ತದೆ. ಬ್ರಷ್ ಮಸಿಗೆ ತಾಗಿದರಂತೂ ಕಪ್ಪು ಬಣ್ಣ ಹೊಗೆಯ ಹಾಗೆ ಒಳಕ್ಕೆ ಹರಡುತ್ತದೆ.

ಸವೆದಿದೆಯೋ ಇಲ್ಲವೋ ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಗಿಂಪ್‌ನ `Histogram` ಕಿಟಕಿ ಇದಕ್ಕೆ ಒಳ್ಳೆಯದು. ಖಾಲಿ ಕಾಗದದ ಮೇಲೆ 30×30ರ ಒಂದು ಚೌಕ ಆರಿಸಿದರೆ ಅದು `Mean` ಮತ್ತು `Std dev` ತೋರಿಸುತ್ತದೆ. ಮೊದಲನೆಯದು ಮೈಬಣ್ಣ, ಎರಡನೆಯದು ಗ್ರೇನಿನ ಗಾತ್ರ. ಮುಟ್ಟದ ಕಾಗದದಲ್ಲಿ `Std dev` 255ರ ಲೆಕ್ಕದಲ್ಲಿ 3.1ರ ಆಸುಪಾಸು ಇತ್ತು. ತಿದ್ದಿದ ಸಾಲಿನ ಒಂದು ಸಂದಿನಲ್ಲಿ 2.2 ಬಂತು. ಅಲ್ಲಿ ಒಂದು ಮೆದು ಅಂಚಿನ ಮೇಲೆ ಇನ್ನೊಂದು ಮೆದು ಅಂಚು ಕೂತಿತ್ತು. ಆ ತುಂಡನ್ನು ಮತ್ತೆ ಗಟ್ಟಿ ಅಂಚಿನಿಂದ ಕೂರಿಸಿದ ಮೇಲೆ ಸರಿಹೋಯಿತು. ಇಂಥಲ್ಲಿ ಸಾಫ್ಟ್‌ವೇರ್‌ನ ನಾಯ್ಸ್ ಫಿಲ್ಟರ್ ಹಾಕಿ ಅಂಕಿಯನ್ನು 3.1ಕ್ಕೆ ಏರಿಸುವುದು ಸುಲಭ. ಅಂಕಿ ಹೊಂದುತ್ತದೆ, ಕಣ್ಣಿಗೆ ಹೊಂದುವುದಿಲ್ಲ. ಫಿಲ್ಟರ್‌ನ ತರಿ ಒಂದೊಂದು ಪಿಕ್ಸೆಲ್‌ಗೂ ಬೇರೆ. ನಿಜವಾದ ತರಿ ಎರಡು ಮೂರು ಪಿಕ್ಸೆಲ್‌ಗಳ ಗುಂಪು. ಒಂದು ಉಪ್ಪಿನ ಪುಡಿಯ ಹಾಗೆ ಚುರುಚುರು, ಇನ್ನೊಂದು ನಾರಿನಂತೆ. ಅದೇ ಪುಟದ ಕಾಗದ ಇರುವಾಗ ಫಿಲ್ಟರ್ ಯಾಕೆ ಬೇಕು?

ಕೊನೆಗೆ ಗುಣಾಕಾರ:

```python
f = cv2.imread("flat_edited.png", cv2.IMREAD_UNCHANGED).astype(np.float32)
out = np.clip(f * np.load("tone.npy") / 50000, 0, 65535)
cv2.imwrite("p31_edited.tif", out.astype(np.uint16))
```

ಗಿಂಪ್‌ನಿಂದ ಹೊರಗೆ ತರುವಾಗಲೂ 16 ಬಿಟ್ ಇರಬೇಕು, ಆಲ್ಫಾ ಚಾನೆಲ್ ಇರಬಾರದು. ಆಲ್ಫಾ ಇದ್ದರೆ ಈ ಮೂರು ಸಾಲು ಓಡುವುದಿಲ್ಲ, 8 ಬಿಟ್ ಆದರೆ ಪುಟ ಬಹುತೇಕ ಕಪ್ಪಾಗಿ ಬರುತ್ತದೆ.

ಪರೀಕ್ಷೆ ಎರಡು ಮಾಡಿದೆವು. `Levels`ನಲ್ಲಿ 255ರ ಲೆಕ್ಕದಲ್ಲಿ ಕಪ್ಪಿನ ತುದಿಯನ್ನು 200ಕ್ಕೂ ಬಿಳಿಯ ತುದಿಯನ್ನು 240ಕ್ಕೂ ಎಳೆದು ನೋಡಿದೆವು. ಕಾಗದದ ಸಣ್ಣ ವ್ಯತ್ಯಾಸವೂ ಆಗ ಆರು ಪಟ್ಟು ಹಿಗ್ಗುತ್ತದೆ. ತೇಪೆ ಇದ್ದರೆ ಚೌಕವಾಗಿ ಎದ್ದುಬರುತ್ತದೆ. ಡಿಟಿಪಿ ಹುಡುಗನ ಮೊದಲ ತಿದ್ದುಪಡಿ ಇದರಲ್ಲಿ ಬೋರ್ಡಿನ ಹಾಗೆ ಕಂಡಿತು. ಹೊಸದರಲ್ಲಿ ಆ ಸಾಲು ಎಲ್ಲಿದೆಯೆಂದು ಹುಡುಕಬೇಕಾಯಿತು. ಎರಡನೆಯದು, ಪುಟವನ್ನು ಕಾಲು ಭಾಗಕ್ಕೆ ಕುಗ್ಗಿಸಿ ದೂರದಿಂದ ನೋಡುವುದು. ಮೈಬಣ್ಣದ ತಪ್ಪು ಹತ್ತಿರದಿಂದ ಕಾಣದು, ದೂರದಿಂದ ಕಾಣುತ್ತದೆ. ಗ್ರೇನಿನ ತಪ್ಪು ಇದಕ್ಕೆ ತಿರುಗುಮುರುಗು.

“ಸಾರ್, ಅಚ್ಚಲ್ಲಿ ಈ ಗ್ರೇನ್ ಕಾಣುತ್ತಾ?” ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಆಫ್‌ಸೆಟ್ ಮುದ್ರಣದಲ್ಲಿ ಬೂದು ಛಾಯೆಗಳೆಲ್ಲ ಚುಕ್ಕೆಗಳ ಜಾಲವಾಗುತ್ತವೆ. ಇಷ್ಟು ಸಣ್ಣ ತರಿ ಅದರಲ್ಲಿ ಬಹುಪಾಲು ನುಂಗಿಹೋಗುತ್ತದೆ. ಬರೀ ಮುದ್ರಣಕ್ಕಾದರೆ ಮೈಬಣ್ಣ ಸರಿಪಡಿಸಿ ಗ್ರೇನಿನ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಮನೆಯವರು ಪಿಡಿಎಫ್ ಕೂಡ ಹಂಚುವವರಿದ್ದರು. ಮೊಬೈಲ್‌ನಲ್ಲಿ ಹಿಗ್ಗಿಸಿ ಓದುವವರಿಗೆ ಕಾಣುವುದು ಗ್ರೇನೇ. ಇನ್ನು ಪುಟವನ್ನು ಬರೀ ಕಪ್ಪು-ಬಿಳುಪು 1 ಬಿಟ್‌ಗೆ ಇಳಿಸುವುದಾದರೆ ಮೇಲೆ ಹೇಳಿದ ಅರ್ಧ ಕೆಲಸ ವ್ಯರ್ಥ. ಅಲ್ಲಿ ಉಳಿಯುವುದು ಅಕ್ಷರದ ಆಕಾರ ಮತ್ತು ಸಂದು ಮಾತ್ರ. ಕೆಲಸ ಶುರು ಮಾಡುವ ಮುಂಚೆ ಕೊನೆಗೆ ಏನು ಹೊರಬರುತ್ತದೆ ಎಂದು ಕೇಳಿಕೊಳ್ಳುವುದು ಲಾಭ.

ಇಂಥ ತಿದ್ದುಪಡಿ ಪುಸ್ತಕಕ್ಕೆ ಸರಿ, ಕಾಗದಪತ್ರಕ್ಕಲ್ಲ. ಕ್ರಯಪತ್ರ, ಅಂಕಪಟ್ಟಿ, ರಸೀದಿಗಳ ಸ್ಕ್ಯಾನಿನಲ್ಲಿ ಇದನ್ನೇ ಮಾಡಿದರೆ ಅದಕ್ಕೆ ಫೋರ್ಜರಿ ಎಂದೇ ಹೆಸರು. ಪುಸ್ತಕದಲ್ಲೂ ಗುಟ್ಟಾಗಿ ಮಾಡಬಾರದು ಎಂದು ನನ್ನ ಹಟ. ಮೂಲ ಟಿಫ್‌ಗಳನ್ನು ಮುಟ್ಟದೆ ಬೇರೆ ಡಿಸ್ಕಿನಲ್ಲಿ ಇಟ್ಟೆವು. ಮರುಮುದ್ರಣದ ಒಳಪುಟದಲ್ಲಿ, ಒಪ್ಪೋಲೆಯ ಯಾವ ಯಾವ ತಿದ್ದುಪಡಿಯನ್ನು ಯಾವ ಪುಟದಲ್ಲಿ ಅಳವಡಿಸಿದೆ ಎಂದು ಅಚ್ಚು ಹಾಕಿಸಿದೆವು. ಒಪ್ಪೋಲೆಯ ಪುಟವನ್ನು ಹಾಗೇ ಉಳಿಸಿಕೊಂಡೆವು.

ಅದನ್ನು ಉಳಿಸಲು ಇನ್ನೊಂದು ಕಾರಣವೂ ಇತ್ತು. ಪಟ್ಟಿಯಲ್ಲಿ ಒಂದು ತಿದ್ದುಪಡಿ, ಬಿಟ್ಟುಹೋದ ಒಂದು ಇಡೀ ಸಾಲನ್ನು ಸೇರಿಸಬೇಕು ಎನ್ನುತ್ತದೆ. ಅದಕ್ಕೆ ಪುಟದ ಕೆಳಗಿನ ಎಲ್ಲ ಸಾಲುಗಳನ್ನು 100 ಪಿಕ್ಸೆಲ್ ಇಳಿಸಬೇಕು, ಕೊನೆಯ ಸಾಲು ಮುಂದಿನ ಪುಟಕ್ಕೆ ಹೋಗಬೇಕು, ಆ ಸಾಲಿನ ಅಕ್ಷರಗಳನ್ನು ಒಂದೊಂದಾಗಿ ಪುಸ್ತಕವಿಡೀ ಹುಡುಕಿ ಜೋಡಿಸಬೇಕು. ಮಾಡಲಾಗದ್ದೇನಲ್ಲ. ಆದರೆ ಆಮೇಲೆ ಅದು ಹಳೆಯ ಪುಟದ ಚಿತ್ರ ಎಂದು ಹೇಳಿಕೊಳ್ಳಲು ಬರುವುದಿಲ್ಲ. ಆ ಒಂದನ್ನು ಪಟ್ಟಿಯಲ್ಲೇ ಬಿಟ್ಟೆವು.